ಮೂಲಚಿತ್ರ ಹೊರಗೆ ಹೋದರೂ ತೆರವಾಗದ ಜಾಗ

ವೃತ್ತಿಪರ ಛಾಯಾಗ್ರಾಹಕರ ಲ್ಯಾಪ್‌ಟಾಪುಗಳಲ್ಲಿ ಮೂಲ ರಾ ಕಡತಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕಿಗೆ ಸಾಗಿಸಿದ ಮೇಲೂ ಒಳಗಿನ ಡಿಸ್ಕ್ ತುಂಬಿಯೇ ಇರುವುದುಂಟು. ಕ್ಯಾಮೆರಾದ ಸಂವೇದಕ ದಾಖಲಿಸಿದ ಮಾಹಿತಿಯನ್ನು ಸಂಸ್ಕರಿಸದೆ ಹಾಗೆಯೇ ಉಳಿಸಿಕೊಂಡ ಕಡತವೇ ರಾ ಕಡತವಾಗಿದ್ದು, ಅಡೋಬಿಯ ಲೈಟ್‌ರೂಮ್ ಕ್ಲಾಸಿಕ್‌ನಂತಹ ತಂತ್ರಾಂಶ ಅದನ್ನು ತಿದ್ದುವಾಗ ಮೂಲವನ್ನು ಮುಟ್ಟುವುದಿಲ್ಲ. ಬೆಳಕನ್ನು ಎಷ್ಟು ಏರಿಸಬೇಕು, ಚೌಕಟ್ಟನ್ನು ಎಲ್ಲಿ ಕತ್ತರಿಸಬೇಕು ಎಂಬ ಸೂಚನೆಗಳನ್ನಷ್ಟೇ ಅದು ಬೇರೆಡೆ ಬರೆದಿಡುತ್ತದೆ ಮತ್ತು ಆ ಸೂಚನೆಗಳಂತೆ ಚಿತ್ರ ಹೇಗೆ ಕಾಣುತ್ತದೆ ಎಂಬುದನ್ನು ಪ್ರತಿ ಬಾರಿಯೂ ಹೊಸದಾಗಿ ಲೆಕ್ಕ ಹಾಕುವ ಬದಲು, ಒಮ್ಮೆ ಲೆಕ್ಕ ಹಾಕಿದ ಫಲವನ್ನು ಉಳಿಸಿಕೊಳ್ಳುತ್ತದೆ. ಡಿಸ್ಕನ್ನು ತುಂಬುವುದು ಮುಖ್ಯವಾಗಿ ಹೀಗೆ ಉಳಿಸಿಕೊಂಡ ಫಲಗಳ ರಾಶಿ. ಅದನ್ನು ತೆರವುಗೊಳಿಸುವುದು ಸುಲಭವಾದರೂ, ಮತ್ತೆ ಕಟ್ಟಿಕೊಳ್ಳಬಹುದಾದ ಕಡತ ಯಾವುದು, ಕಳೆದರೆ ಮರಳಿ ಬಾರದ ಕಡತ ಯಾವುದು ಎಂಬ ಭೇದವನ್ನು ಮೊದಲು ತಿಳಿದಿರಬೇಕಾಗುತ್ತದೆ.

ಲೈಟ್‌ರೂಮ್ ಕ್ಲಾಸಿಕ್‌ನ ಕ್ಯಾಟಲಾಗ್ ಎಂದರೆ `.lrcat` ಎಂದು ಕೊನೆಗೊಳ್ಳುವ ಒಂದು ಕಡತ. ಅದು ಎಸ್‌ಕ್ಯುಎಲೈಟ್ ಎಂಬ ವ್ಯವಸ್ಥೆಯಲ್ಲಿ ಬರೆದ ದತ್ತಾಂಶ ಕೋಶ. ಚಿತ್ರಗಳು ಎಲ್ಲಿವೆ, ಅವುಗಳ ಮೇಲೆ ನಡೆದ ತಿದ್ದುಪಡಿಗಳು ಯಾವುವು, ಯಾವ ಸಂಗ್ರಹಗಳಿಗೆ ಅವು ಸೇರಿವೆ ಎಂಬುದೆಲ್ಲ ಅದರಲ್ಲಿರುತ್ತದೆ. 2021ರ ಅಕ್ಟೋಬರಿನಲ್ಲಿ ಬಂದ 11ನೆಯ ಆವೃತ್ತಿಯಿಂದ ಅದರ ಪಕ್ಕದಲ್ಲಿ `.lrcat-data` ಎಂಬ ಇನ್ನೊಂದು ಘಟಕ ಸೇರಿಕೊಂಡಿದ್ದು, ಚಿತ್ರದ ಒಂದು ಭಾಗಕ್ಕೆ ಮಾತ್ರ ತಿದ್ದುಪಡಿ ಅನ್ವಯಿಸುವ ಮಾಸ್ಕ್‌ಗಳ ಮಾಹಿತಿಯನ್ನು ಅದು ಹಿಡಿದಿಡುತ್ತದೆ. ಇವೆರಡೂ ಛಾಯಾಗ್ರಾಹಕನ ದುಡಿಮೆಯ ದಾಖಲೆಗಳು. ಇದೇ ಫೋಲ್ಡರಿನಲ್ಲಿ `Previews.lrdata` ಮತ್ತು `Smart Previews.lrdata` ಎಂದು ಕೊನೆಗೊಳ್ಳುವ ಹೆಸರುಗಳೂ ಇರುತ್ತವೆ. ಇವು ತಂತ್ರಾಂಶ ತಾನೇ ತಯಾರಿಸಿಕೊಂಡ ಪ್ರಿವ್ಯೂಗಳ ಭಂಡಾರಗಳು. ಹೆಸರುಗಳು ಒಂದನ್ನೊಂದು ಹೋಲುವುದರಿಂದ, ಜಾಗ ಮಾಡುವ ಅವಸರದಲ್ಲಿ `.lrcat-data`ವನ್ನೂ ಕ್ಯಾಶ್ ಎಂದು ಭಾವಿಸಿ ಅಳಿಸುವ ಅಪಾಯವಿದೆ.

ಪ್ರಿವ್ಯೂಗಳಲ್ಲಿ ಹೆಚ್ಚು ಜಾಗ ನುಂಗುವುದು ಒಂದಕ್ಕೊಂದು ಎಂದು ಕರೆಯಲಾಗುವ ಪೂರ್ಣ ಗಾತ್ರದ ಪ್ರಿವ್ಯೂ. ಮೂಲಚಿತ್ರದ ಪ್ರತಿ ಪಿಕ್ಸೆಲ್ಲನ್ನೂ ಒಳಗೊಂಡ ಈ ಜೆಪೆಗ್ ಪ್ರತಿ, ಕಣ್ಣು ಸ್ಪಷ್ಟವಾಗಿ ಬಿದ್ದಿದೆಯೇ ಎಂದು ಹಿಗ್ಗಿಸಿ ನೋಡುವಾಗ ಕಾಯುವುದನ್ನು ತಪ್ಪಿಸುತ್ತದೆ. ತೆರೆಯ ಅಗಲಕ್ಕೆ ಸರಿಹೊಂದುವ ಸ್ಟ್ಯಾಂಡರ್ಡ್ ಪ್ರಿವ್ಯೂ ಇದಕ್ಕಿಂತ ಬಹಳ ಚಿಕ್ಕದು. ಸ್ಮಾರ್ಟ್ ಪ್ರಿವ್ಯೂ ಬೇರೆಯದೇ ಬಗೆಯದಾಗಿದ್ದು, ಉದ್ದದ ಬದಿ 2,560 ಪಿಕ್ಸೆಲ್ ಇರುವ, ಒತ್ತಿ ಕುಗ್ಗಿಸಿದ ರಾ ರೂಪದ ಪ್ರತಿಯಾದ್ದರಿಂದ, ಮೂಲಚಿತ್ರದ ಡಿಸ್ಕ್ ಜೋಡಣೆಯಾಗಿಲ್ಲದಿದ್ದಾಗಲೂ ತಿದ್ದುಪಡಿಯನ್ನು ಮುಂದುವರಿಸಲು ಅವಕಾಶ ಕೊಡುತ್ತದೆ.

ಪೂರ್ಣ ಗಾತ್ರದ ಪ್ರಿವ್ಯೂಗಳು ಕಾಲಕಾಲಕ್ಕೆ ತಾವಾಗಿಯೇ ಅಳಿಯುವ ಏರ್ಪಾಡು ತಂತ್ರಾಂಶದಲ್ಲಿದೆ. `Catalog Settings`ನ `File Handling` ಪುಟದಲ್ಲಿ ಒಂದು ದಿನ, ಒಂದು ವಾರ, 30 ದಿನ ಅಥವಾ ಎಂದೂ ಬೇಡ ಎಂಬ ಆಯ್ಕೆಗಳಿದ್ದು, ಬಳಸುವವರು ಬದಲಿಸದಿದ್ದರೆ 30 ದಿನವೇ ಜಾರಿಯಲ್ಲಿರುತ್ತದೆ. ಆದರೆ ಈ ಅವಧಿ ಪ್ರಿವ್ಯೂ ಹುಟ್ಟಿದ ದಿನದಿಂದಲ್ಲ, ಅದನ್ನು ಕೊನೆಯ ಬಾರಿ ಬಳಸಿದ ದಿನದಿಂದ ಆರಂಭವಾಗುತ್ತದೆ. ಆಲ್ಬಮ್ಮಿಗೆ ಚಿತ್ರ ಆರಿಸಲು ಮನೆಯವರು ಮತ್ತೆ ಮತ್ತೆ ಬಂದು ನೋಡುತ್ತಿದ್ದರೆ, ಹಳೆಯ ಮದುವೆಯ ಪ್ರಿವ್ಯೂಗಳ ಆಯುಸ್ಸು ಪ್ರತಿ ಸಲವೂ ಮುಂದಕ್ಕೆ ಹೋಗುತ್ತದೆ.

ಕರ್ನಾಟಕದ ಮದುವೆ ಛಾಯಾಗ್ರಹಣದಲ್ಲಿ ಇದರ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. ಏಕೆಂದರೆ ಆಷಾಢದಲ್ಲಿ ಬಿಡುವಿರುವ ಈ ವೃತ್ತಿಗೆ ವೈಶಾಖದಂತಹ ತಿಂಗಳಲ್ಲಿ ಮುಹೂರ್ತಗಳು ಒತ್ತೊತ್ತಾಗಿ ಬರುತ್ತವೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದು ತಿಂಗಳೊಳಗೆ ಐದು ಮದುವೆಗಳನ್ನು, ಒಂದೊಂದಕ್ಕೆ 4,000 ಚಿತ್ರಗಳಂತೆ ತೆಗೆದ ಒಂದು ಕಲ್ಪಿತ ಸಂದರ್ಭವನ್ನು ಪರಿಗಣಿಸಬಹುದು. ಪೂರ್ಣ ಗಾತ್ರದ ಪ್ರಿವ್ಯೂಗೆ ಸರಾಸರಿ 6 ಎಂಬಿ ಎಂದು ಹಿಡಿದರೆ ಮದುವೆಗೆ 24 ಜಿಬಿಯಂತೆ 120 ಜಿಬಿ ಆಗುತ್ತದೆ ಮತ್ತು ಎಲ್ಲವೂ 30 ದಿನಗಳ ಒಳಗಿನವೇ ಆದ್ದರಿಂದ ಒಂದೂ ತಾನಾಗಿ ಅಳಿಯುವುದಿಲ್ಲ. ಸ್ಮಾರ್ಟ್ ಪ್ರಿವ್ಯೂಗಳನ್ನೂ ಕಟ್ಟಿದ್ದರೆ, ಒಂದಕ್ಕೆ 1 ಎಂಬಿಯಂತೆ 20 ಜಿಬಿ ಸೇರುತ್ತದೆ. ತಿದ್ದುವ ಹಂತದಲ್ಲಿ ರಾ ಕಡತದ ಅರೆಸಂಸ್ಕರಿತ ರೂಪವನ್ನು ಇಟ್ಟುಕೊಳ್ಳುವ ಕ್ಯಾಮೆರಾ ರಾ ಕ್ಯಾಶ್‌ಗೆ 50 ಜಿಬಿ ಮಿತಿ ಕೊಟ್ಟಿದ್ದರೆ ಅದೂ ತುಂಬಿರುತ್ತದೆ. ಕ್ಯಾಟಲಾಗಿನ ಬ್ಯಾಕಪ್ ಪ್ರತಿ ತಲಾ 500 ಎಂಬಿಯಂತೆ ಇಪ್ಪತ್ತು ವಾರಗಳದ್ದು ಉಳಿದಿದ್ದರೆ ಮತ್ತೆ 10 ಜಿಬಿ. ಹಳೆಯ ಬ್ಯಾಕಪ್‌ಗಳನ್ನು ಲೈಟ್‌ರೂಮ್ ತಾನಾಗಿ ಅಳಿಸುವುದಿಲ್ಲ. ಒಟ್ಟು 200 ಜಿಬಿ ಆದಾಗ, 512 ಜಿಬಿ ಲ್ಯಾಪ್‌ಟಾಪಿನ ಐದರಲ್ಲಿ ಎರಡು ಪಾಲು ಒಂದೂ ಮೂಲಚಿತ್ರವಿಲ್ಲದೆ ತುಂಬಿಹೋಗಿರುತ್ತದೆ.

ಈ ನಾಲ್ಕೂ ಒಂದೇ ರೀತಿ ಬೆಳೆಯುವಂಥವಲ್ಲದ ಕಾರಣ ಪರಿಹಾರವೂ ಬೇರೆ ಬೇರೆ. ಕ್ಯಾಮೆರಾ ರಾ ಕ್ಯಾಶ್ ಮಿತಿ ಮುಟ್ಟಿದೊಡನೆ ಹಳೆಯದನ್ನು ತೆಗೆದು ಹೊಸದಕ್ಕೆ ಎಡೆ ಮಾಡಿಕೊಡುತ್ತದೆ. `Preferences`ನ `Performance` ಪುಟದಲ್ಲಿ ಆ ಮಿತಿಯನ್ನು 20 ಜಿಬಿಗೆ ಇಳಿಸಬಹುದು ಅಥವಾ ಅದರ ಸ್ಥಳವನ್ನೇ ಹೊರಗಿನ ವೇಗದ ಡಿಸ್ಕಿಗೆ ಬದಲಾಯಿಸಬಹುದು. ಪೂರ್ಣ ಗಾತ್ರದ ಪ್ರಿವ್ಯೂಗಳ ವಿಷಯದಲ್ಲಿ ಕಟ್ಟಿದ ಮೇಲೆ ಅಳಿಸುವುದಕ್ಕಿಂತ ಕಟ್ಟುವುದನ್ನೇ ತಡಮಾಡುವುದು ಹೆಚ್ಚು ಫಲಕಾರಿ. ಚಿತ್ರಗಳನ್ನು ಕ್ಯಾಟಲಾಗಿಗೆ ಸೇರಿಸುವಾಗ `Embedded & Sidecar` ಆಯ್ಕೆ ಮಾಡಿದರೆ, ಕ್ಯಾಮೆರಾ ರಾ ಕಡತದೊಳಗೇ ಇಟ್ಟಿರುವ ಜೆಪೆಗ್ ಮೊದಲ ಜರಡಿಗೆ ಒದಗುತ್ತದೆ. ಅದರ ಬಣ್ಣ ಲೈಟ್‌ರೂಮ್ ತೋರಿಸುವ ಬಣ್ಣಕ್ಕಿಂತ ತುಸು ಭಿನ್ನವಾಗಿದ್ದರೂ ಮುಚ್ಚಿದ ಕಣ್ಣು, ಅಲುಗಿದ ಚೌಕಟ್ಟುಗಳನ್ನು ಬೇರ್ಪಡಿಸಲು ಸಾಕು. ಹೀಗೆ ಮದುವೆಗೆ 800ರಂತೆ ಆರಿಸಿದ ಚಿತ್ರಗಳಿಗೆ ಮಾತ್ರ ಪೂರ್ಣ ಪ್ರಿವ್ಯೂ ಕಟ್ಟಿದರೆ ಐದು ಮದುವೆಗಳಿಗೆ 24 ಜಿಬಿ ಸಾಕಾಗುತ್ತದೆ. ಆಲ್ಬಮ್ ಒಪ್ಪಿಸಿದ ಬಳಿಕ `Library` ಮೆನುವಿನ `Previews` ಅಡಿಯಲ್ಲಿ ಪೂರ್ಣ ಪ್ರಿವ್ಯೂಗಳನ್ನೂ ಸ್ಮಾರ್ಟ್ ಪ್ರಿವ್ಯೂಗಳನ್ನೂ ತೆಗೆಯುವ ಆಜ್ಞೆಗಳಿವೆ. ಪೂರ್ಣ ಪ್ರಿವ್ಯೂಗಳು 24 ಜಿಬಿಗೆ, ಕ್ಯಾಮೆರಾ ರಾ ಕ್ಯಾಶ್ 20 ಜಿಬಿಗೆ ಇಳಿದಿರುವಾಗ ಸ್ಮಾರ್ಟ್ ಪ್ರಿವ್ಯೂಗಳನ್ನು ತೆಗೆದು, ಬ್ಯಾಕಪ್‌ಗಳಲ್ಲಿ ಇತ್ತೀಚಿನ ಮೂರನ್ನಷ್ಟೇ ಉಳಿಸಿದರೆ, 200 ಜಿಬಿಯ ಮೊತ್ತ ಸುಮಾರು 46 ಜಿಬಿಗೆ ಇಳಿಯುತ್ತದೆ. ಆ ಮೂರು ಬ್ಯಾಕಪ್‌ಗಳು ಕ್ಯಾಟಲಾಗ್ ಇರುವ ಡಿಸ್ಕಿನಲ್ಲೇ ಇದ್ದರೆ ಡಿಸ್ಕ್ ಕೆಟ್ಟ ದಿನ ಪ್ರಯೋಜನಕ್ಕೆ ಬಾರದಾದ್ದರಿಂದ ಅವನ್ನು ಬೇರೆ ಡಿಸ್ಕಿನಲ್ಲಿ ಇಡುವುದು ಅಗತ್ಯ.

ಕ್ಯಾಟಲಾಗ್ ಕಡತವೇ ಹಿಗ್ಗಿದ್ದರೆ ಕಾರಣವನ್ನು ಸಾಮಾನ್ಯವಾಗಿ ತಿದ್ದುಪಡಿಯ ಇತಿಹಾಸದಲ್ಲಿ, ಅಂದರೆ ಪ್ರತಿ ಹೆಜ್ಜೆಯನ್ನೂ ಉಳಿಸುವ ಪಟ್ಟಿಯಲ್ಲಿ, ಹುಡುಕಬೇಕು. ಅದನ್ನು ಅಳಿಸಿದರೂ ಚಿತ್ರದ ಅಂತಿಮ ರೂಪ ಬದಲಾಗುವುದಿಲ್ಲ, ಹಿಂದಿನ ಹಂತಕ್ಕೆ ಮರಳುವ ದಾರಿ ಮಾತ್ರ ಮುಚ್ಚುತ್ತದೆ. ಆದರೆ ಅಳಿಸಿದ ಕೂಡಲೇ ಕಡತದ ಗಾತ್ರ ಕಡಿಮೆಯಾಗದಿರುವುದು ಹಲವರನ್ನು ಗೊಂದಲಕ್ಕೆ ಕೆಡಹುತ್ತದೆ. ಎಸ್‌ಕ್ಯುಎಲೈಟ್ ಕಡತದಲ್ಲಿ ಖಾಲಿಯಾದ ಪುಟಗಳು ಮುಂದಿನ ಬರಹಕ್ಕೆಂದು ಅಲ್ಲೇ ಉಳಿಯುತ್ತವೆ. `File` ಮೆನುವಿನ `Optimize Catalog` ಆಜ್ಞೆ ಕಡತವನ್ನು ಹೊಸದಾಗಿ ಬರೆದಾಗಲೇ ಅವು ಡಿಸ್ಕಿಗೆ ಮರಳುತ್ತವೆ. ಹೀಗೆ ಬರೆಯಲು ಹೆಚ್ಚುವರಿ ಜಾಗ ಬೇಕಾಗುವುದರಿಂದ ಪೂರ್ತಿ ತುಂಬಿದ ಡಿಸ್ಕಿನಲ್ಲಿ ಮೊದಲು ಪ್ರಿವ್ಯೂಗಳನ್ನು ತೆಗೆದು, ಆಮೇಲೆ ಈ ಕೆಲಸಕ್ಕೆ ಕೈಹಾಕುವುದು ಸರಿಯಾದ ಕ್ರಮ.

ಪ್ರಿವ್ಯೂ ಭಂಡಾರವನ್ನು ಅಳಿಸಿದರೆ ಅದು ಮತ್ತೆ ಕಟ್ಟಲ್ಪಡುತ್ತದೆ ಎಂಬ ಮಾತಿಗೂ ಒಂದು ಷರತ್ತಿದೆ. ಕಟ್ಟಲು ಮೂಲಚಿತ್ರ ಕೈಗೆಟುಕುವಂತಿರಬೇಕು. ಹೊರಗಿನ ಡಿಸ್ಕ್ ಕೆಟ್ಟು ರಾ ಕಡತಗಳು ನಾಶವಾಗಿದ್ದರೆ, ಲ್ಯಾಪ್‌ಟಾಪಿನಲ್ಲಿ ಉಳಿದ ಪೂರ್ಣ ಗಾತ್ರದ ಪ್ರಿವ್ಯೂವೇ ಆ ಮದುವೆಯ ಕೊನೆಯ ಪ್ರತಿಯಾಗಿ, ಜೆಪೆಗ್ ರೂಪದಲ್ಲಿ ಅದರಿಂದ ಚಿತ್ರವನ್ನು ಹೊರತೆಗೆಯಲು ಸಾಧ್ಯವಾಗುತ್ತದೆ. ಆದ್ದರಿಂದ ಭಂಡಾರವನ್ನು ತೆರವು ಮಾಡುವ ಮೊದಲು ಹೊರಗಿನ ಡಿಸ್ಕನ್ನು ಜೋಡಿಸಿ, `Library` ಮೆನುವಿನ `Find All Missing Photos` ಆಜ್ಞೆಯಿಂದ ಕಾಣೆಯಾದ ಚಿತ್ರಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆ ಪಟ್ಟಿಯಲ್ಲಿ ಒಂದು ಚಿತ್ರ ಕಂಡರೂ ಅದರ ಮೂಲ ಸಿಗುವವರೆಗೆ ಪ್ರಿವ್ಯೂವನ್ನು ಕ್ಯಾಶ್ ಎಂದು ಪರಿಗಣಿಸುವಂತಿಲ್ಲ.