ಬಾಗಿಲು ಹೇಗೆ ಮುಚ್ಚೀತೆಂದು ಹೇಳುವ ವರ್ಗ ಸಮೀಕರಣ

ಹೋಟೆಲಿನ ಅಡುಗೆಮನೆಗೆ ಎರಡೂ ಕಡೆ ತೆರೆದುಕೊಳ್ಳುವ ಬಾಗಿಲಿರುವುದನ್ನು ನೋಡಿರಬಹುದು. ಸಪ್ಲೈಯರ್ ಭುಜದಿಂದ ತಳ್ಳಿ ಹೊರಗೆ ಬರುತ್ತಾನೆ, ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ. ಕೆಲವು ಬಾಗಿಲುಗಳು ನಾಲ್ಕಾರು ಸಲ ಅತ್ತಿತ್ತ ಓಲಾಡಿ ನಿಲ್ಲುತ್ತವೆ. ಕೆಲವು ಬಲು ನಿಧಾನವಾಗಿ ಬಂದು ಸೇರುತ್ತವೆ. ಇನ್ನು ಕೆಲವು ಓಲಾಡದೆ, ತಡವನ್ನೂ ಮಾಡದೆ ತಮ್ಮ ಜಾಗಕ್ಕೆ ಬಂದು ನಿಲ್ಲುತ್ತವೆ. ಈ ಮೂರು ನಡತೆಗಳ ಹಿಂದೆ ಇರುವುದು ಒಂದೇ ಅವಕಲ ಸಮೀಕರಣ. ಅದನ್ನು ಬಿಡಿಸಲು ಹೈಸ್ಕೂಲಿನ ವರ್ಗ ಸಮೀಕರಣ ಬಹುಮಟ್ಟಿಗೆ ಸಾಕು.

ಬಾಗಿಲು ಮುಚ್ಚಿದ ಸ್ಥಾನದಿಂದ ಎಷ್ಟು ಡಿಗ್ರಿ ತೆರೆದಿದೆ ಎಂಬುದನ್ನು y ಎನ್ನೋಣ. ಅದರ ವೇಗ y', ವೇಗ ಬದಲಾಗುವ ದರ y''. ನೆಲದಡಿಯ ಸ್ಪ್ರಿಂಗು ಬಾಗಿಲನ್ನು ಮಧ್ಯಕ್ಕೆ ಎಳೆಯುತ್ತದೆ. ಹೆಚ್ಚು ತೆರೆದಷ್ಟೂ ಎಳೆತ ಹೆಚ್ಚು. ಅದರ ಜೊತೆಗಿರುವ ಎಣ್ಣೆ ಚಲನೆಯನ್ನು ತಡೆಯುತ್ತದೆ; ವೇಗ ಹೆಚ್ಚಿದಷ್ಟೂ ತಡೆ ಹೆಚ್ಚು. ಇವೆರಡನ್ನೂ ನ್ಯೂಟನ್ನನ ನಿಯಮಕ್ಕೆ ಸೇರಿಸಿ, ಬಾಗಿಲಿನ ಜಡತ್ವದಿಂದ ಭಾಗಿಸಿದರೆ ಹೀಗೊಂದು ಸಮೀಕರಣ ಬರುತ್ತದೆ:

y'' + c y' + 4y = 0

ಇಲ್ಲಿ 4 ಎಂಬುದು ಸ್ಪ್ರಿಂಗಿನ ಬಿಗಿ, ಲೆಕ್ಕಕ್ಕೆಂದು ನಾವೇ ಆರಿಸಿಕೊಂಡದ್ದು. c ಎಣ್ಣೆಯ ತಡೆ. ಸ್ಕ್ರೂ ತಿರುಗಿಸಿ ಅದನ್ನು ಹೆಚ್ಚು ಕಡಿಮೆ ಮಾಡಬಹುದು. ಎರಡೂ ಸಮಯದೊಂದಿಗೆ ಬದಲಾಗದ ಸಂಖ್ಯೆಗಳು.

ಸಮೀಕರಣ ಕೇಳುತ್ತಿರುವುದು ಇಷ್ಟು: ಒಂದು ಉತ್ಪನ್ನ, ಅದರ ಅವಕಲನ, ಅವಕಲನದ ಅವಕಲನ, ಈ ಮೂರನ್ನೂ ತಕ್ಕ ಪ್ರಮಾಣದಲ್ಲಿ ಕೂಡಿದರೆ ಸೊನ್ನೆ ಬರಬೇಕು, ಅದೂ ಪ್ರತಿ ಕ್ಷಣದಲ್ಲೂ. ಮೂರೂ ಒಂದೇ ಆಕಾರದವಾದರೆ ಮಾತ್ರ ಇದು ಸುಲಭ. ಅವಕಲನ ಮಾಡಿದರೂ ಆಕಾರ ಕೆಡದ ಉತ್ಪನ್ನವೊಂದಿದೆ, ಅದು e^(rt). ಅದರ ಅವಕಲನ r e^(rt), ಇನ್ನೊಮ್ಮೆ ಮಾಡಿದರೆ r² e^(rt). ಇವನ್ನು ಸಮೀಕರಣದಲ್ಲಿಟ್ಟರೆ ಎಲ್ಲ ಪದಗಳಲ್ಲೂ e^(rt) ಇರುತ್ತದೆ. ಅದು ಎಂದೂ ಸೊನ್ನೆಯಾಗದ ಕಾರಣ ಭಾಗಿಸಿ ತೆಗೆಯಬಹುದು. ಉಳಿಯುವುದು:

r² + c r + 4 = 0

ಇದೇ ಲಾಕ್ಷಣಿಕ ಸಮೀಕರಣ. ಸ್ವಿಸ್ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1739ರಲ್ಲಿ ತನ್ನ ಗುರು ಯೋಹಾನ್ ಬರ್ನೂಲಿಗೆ ಬರೆದ ಪತ್ರದಲ್ಲಿ ಈ ವಿಧಾನವನ್ನು ತಿಳಿಸಿದ. 1743ರಲ್ಲಿ ಅದು ಅಚ್ಚಾಯಿತು. ಮುಂದಿನ ಕಥೆಯೆಲ್ಲ ಶೋಧಕದ ಕೈಯಲ್ಲಿದೆ. ಇಲ್ಲಿ ಶೋಧಕ c² − 16.

ಬಾಗಿಲನ್ನು 60 ಡಿಗ್ರಿ ತೆರೆದು, ತಳ್ಳದೆ ಸುಮ್ಮನೆ ಕೈಬಿಟ್ಟೆವು ಎಂದುಕೊಳ್ಳೋಣ. ಅಂದರೆ t = 0 ಆದಾಗ y = 60, y' = 0.

ಮೊದಲು c = 5 ಇರಲಿ. ಶೋಧಕ 9, ಧನ ಸಂಖ್ಯೆ. ಮೂಲಗಳು −1 ಮತ್ತು −4, ಎರಡೂ ಬೇರೆ ಬೇರೆ. ಆದ್ದರಿಂದ ಪರಿಹಾರ y = A e^(−t) + B e^(−4t). ಆರಂಭದ ಸ್ಥಿತಿ ಹೇಳುವುದು A + B = 60 ಮತ್ತು −A − 4B = 0. ಇವನ್ನು ಬಿಡಿಸಿದರೆ:

y = 80 e^(−t) − 20 e^(−4t)

ಎರಡನೆಯ ಪದ ಬೇಗ ಸತ್ತುಹೋಗುತ್ತದೆ. ಮೊದಲನೆಯದು ನಿಧಾನವಾಗಿ ಕರಗುತ್ತದೆ, ಬಾಗಿಲು ಕಾಯಬೇಕಾದದ್ದು ಅದಕ್ಕೇ. 3 ಸೆಕೆಂಡಿನ ನಂತರವೂ ಸುಮಾರು 4 ಡಿಗ್ರಿ ತೆರೆದೇ ಇರುತ್ತದೆ. ತಡೆಯನ್ನು ಇನ್ನೂ ಹೆಚ್ಚಿಸಿ c = 8.5 ಮಾಡಿದರೆ ಮೂಲಗಳು −8 ಮತ್ತು −0.5; ಅದೇ 3 ಸೆಕೆಂಡಿಗೆ ಸುಮಾರು 14 ಡಿಗ್ರಿ ಉಳಿಯುತ್ತದೆ. ಏಕೆಂದರೆ ಮೂಲಗಳ ಗುಣಲಬ್ಧ ಯಾವಾಗಲೂ 4. ಒಂದು ದೊಡ್ಡದಾದಂತೆ ಇನ್ನೊಂದು ಸೊನ್ನೆಯ ಹತ್ತಿರ ಸರಿಯಲೇಬೇಕು, ಬಾಗಿಲಿನ ವೇಳೆಯನ್ನು ನಿರ್ಧರಿಸುವುದು ಆ ಚಿಕ್ಕದೇ.

ಈಗ ತಡೆಯನ್ನು c = 4ಕ್ಕೆ ಇಳಿಸೋಣ. ಶೋಧಕ ಸೊನ್ನೆ, ಮೂಲ −2, ಅದೂ ಎರಡು ಸಲ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಹಿಂದಿನ ರೂಢಿಯಂತೆ A e^(−2t) + B e^(−2t) ಎಂದು ಬರೆದುಬಿಡುತ್ತಾರೆ. ಕಣ್ಣಿಗೆ ಎರಡು ಸ್ಥಿರಾಂಕ ಕಂಡರೂ ಕೂಡಿದರೆ ಅದು ಒಂದೇ. ತಪ್ಪು ಬೇಗ ಹೊರಬೀಳುತ್ತದೆ: y = 60 ಎಂದರೆ A + B = 60, y' = 0 ಎಂದರೆ A + B = 0. ಎರಡೂ ಒಟ್ಟಿಗೆ ಆಗುವುದಿಲ್ಲ.

ಹಾಗಾದರೆ ಎರಡನೆಯ ಪರಿಹಾರ ಎಲ್ಲಿದೆ? y = u e^(−2t) ಎಂದಿಟ್ಟು, u ಏನಾಗಿರಬೇಕೆಂದು ಸಮೀಕರಣವನ್ನೇ ಕೇಳೋಣ. ಅವಕಲನ ಮಾಡಿ ಕೂಡಿಸಿದರೆ u' ಇರುವ ಪದಗಳು ಪರಸ್ಪರ ಹೊಡೆದುಹೋಗುತ್ತವೆ, u ಇರುವ ಪದಗಳೂ ಹಾಗೆಯೇ. ಉಳಿಯುವುದು u'' = 0 ಮಾತ್ರ. ಎರಡು ಸಲ ಅವಕಲಿಸಿದರೆ ಸೊನ್ನೆಯಾಗುವುದು ಸರಳರೇಖೆ, ಅಂದರೆ u = A + Bt. ಪಠ್ಯಪುಸ್ತಕದಲ್ಲಿ ಎಲ್ಲಿಂದಲೋ ಉದುರಿದಂತೆ ಕಾಣುವ ಆ t ಬಂದದ್ದು ಇಲ್ಲಿಂದ. ಆರಂಭದ ಸ್ಥಿತಿ ಹಾಕಿದರೆ:

y = 60(1 + 2t) e^(−2t)

3 ಸೆಕೆಂಡಿಗೆ ಉಳಿಯುವುದು ಸುಮಾರು 1 ಡಿಗ್ರಿ. t ಬೆಳೆಯುತ್ತಾ ಹೋದರೂ e^(−2t) ಅದಕ್ಕಿಂತ ಬೇಗ ಕುಗ್ಗುತ್ತದೆ. ಕೈಬಿಟ್ಟ ಬಾಗಿಲು ಮಧ್ಯವನ್ನು ದಾಟದೆ ಅತಿ ಬೇಗ ಮುಚ್ಚಬೇಕಾದರೆ ಇದೇ ಹದ.

ಕೊನೆಗೆ c = 2.4. ಶೋಧಕ 5.76 − 16 = −10.24, ಋಣ ಸಂಖ್ಯೆ. ಮೂಲಗಳು −1.2 ± 1.6i. ಮರದ ಬಾಗಿಲಿಗೂ −1ರ ವರ್ಗಮೂಲಕ್ಕೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸೀತು. ಉತ್ತರವೂ ಆಯ್ಲರ್‌ನ ಸೂತ್ರದಲ್ಲಿದೆ: e^(iθ) = cos θ + i sin θ. ಘಾತದಲ್ಲಿ ಕೂತ i ವಾಸ್ತವದಲ್ಲಿ ಓಲಾಟವಾಗುತ್ತದೆ. ಸಮೀಕರಣದ ಸಂಖ್ಯೆಗಳು ವಾಸ್ತವವಾದ್ದರಿಂದ ಸಂಕೀರ್ಣ ಮೂಲಗಳು + ಮತ್ತು − ಎಂದು ಜೋಡಿಯಾಗಿಯೇ ಬರುತ್ತವೆ. ಆ ಜೋಡಿಯನ್ನು ತಕ್ಕಂತೆ ಕೂಡಿದರೆ i ಇರುವ ಭಾಗ ಅಳಿಸಿಹೋಗಿ ಸೈನ್ ಮತ್ತು ಕೊಸೈನ್ ಉಳಿಯುತ್ತವೆ:

y = e^(−1.2t) (60 cos 1.6t + 45 sin 1.6t)

ಮೂಲದ ಎರಡು ಭಾಗಗಳಿಗೆ ಎರಡು ಕೆಲಸ. −1.2 ಓಲಾಟ ಎಷ್ಟು ಬೇಗ ಕುಗ್ಗಬೇಕೆಂದು ಹೇಳುತ್ತದೆ, 1.6 ಎಷ್ಟು ಬೇಗ ಓಲಾಡಬೇಕೆಂದು. ಲೆಕ್ಕ ಹಾಕಿದರೆ ಬಾಗಿಲು ಸುಮಾರು 1.4 ಸೆಕೆಂಡಿಗೆ ಮಧ್ಯವನ್ನು ದಾಟಿ, 2 ಸೆಕೆಂಡಿನ ಹೊತ್ತಿಗೆ ಆಚೆ ಕಡೆ ಸುಮಾರು 5.7 ಡಿಗ್ರಿ ಹೋಗಿ, ಹಿಂದಿರುಗುತ್ತದೆ. ಇಷ್ಟು ಸಣ್ಣ ಓಲಾಟ ಪರವಾಗಿಲ್ಲ ಎನ್ನುವ ಕಡೆ ಈ ಹೊಂದಿಕೆಯೂ ನಡೆಯುತ್ತದೆ.

ಉತ್ತರವನ್ನು ಪರೀಕ್ಷಿಸುವುದೂ ಕಷ್ಟವಲ್ಲ. ಸ್ಪ್ರಿಂಗೂ ತಡೆಯೂ ಎರಡೂ ಇರುವ ಬಾಗಿಲು ನಿಲ್ಲಲೇಬೇಕು. ಹಾಗಾಗಿ ಮೂಲದ ವಾಸ್ತವ ಭಾಗ ಧನವಾಗಿ ಬಂದರೆ ಬಾಗಿಲು ಸರಿಯಾಗಿಯೇ ಇದೆ, ನಾವು ಚಿಹ್ನೆ ತಪ್ಪಿದ್ದೇವೆ. ಅಂತಿಮ ಉತ್ತರದಲ್ಲಿ i ಉಳಿದಿದ್ದರೆ ಜೋಡಿಯನ್ನು ಕೂಡಿಸುವಲ್ಲಿ ಅಥವಾ ಸ್ಥಿರಾಂಕ ಕಂಡುಹಿಡಿಯುವಲ್ಲಿ ದೋಷವಿದೆ.

ವಿಧಾನಕ್ಕೆ ಗಡಿಯೂ ಇದೆ. c ಅಥವಾ 4ರ ಜಾಗದಲ್ಲಿ ಸಮಯದೊಂದಿಗೆ ಬದಲಾಗುವ ಏನಾದರೂ ಕೂತರೆ, r ಸಾಮಾನ್ಯವಾಗಿ ಒಂದೇ ಸಂಖ್ಯೆಯಾಗಿ ಉಳಿಯುವುದಿಲ್ಲ, e^(rt) ಕೈಕೊಡುತ್ತದೆ. ನಿಜವಾದ ಬಾಗಿಲಿನಲ್ಲಿ ಕೀಲಿನ ಘರ್ಷಣೆ ವೇಗಕ್ಕೆ ತಕ್ಕಂತೆ ಹೆಚ್ಚುವುದಿಲ್ಲ. ಚಳಿಯಲ್ಲಿ ಎಣ್ಣೆ ದಪ್ಪವಾದರೆ c ಏರಿ, ಬೇಸಿಗೆಯಲ್ಲಿ ಹದವಾಗಿದ್ದ ಬಾಗಿಲು ನಿಧಾನವಾಗುತ್ತದೆ. ಆದರೆ ಸಂಖ್ಯೆಗಳು ಸ್ಥಿರವಾಗಿರುವಷ್ಟು ಹೊತ್ತು ಪೂರ್ತಿ ಪರಿಹಾರ ಬರೆಯುವ ಮೊದಲೇ ಶೋಧಕವನ್ನು ನೋಡಿಬಿಡಿ. ಧನವಾದರೆ ನಿಧಾನ, ಸೊನ್ನೆಯಾದರೆ ಹದ, ಋಣವಾದರೆ ಓಲಾಟ.