ಗ್ರಾಫ್ ಮುಚ್ಚಿಟ್ಟದ್ದನ್ನು ಪೋಲ್ ಹೇಳುತ್ತದೆ

ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಕ್ಕಪಕ್ಕ ಕೂತು, ಒಂದೇ ನಕ್ಷೆ ನೋಡಿಕೊಂಡು, ಒಂದೇ ಅಂಗಡಿಯಿಂದ ತಂದ ಬಿಡಿಭಾಗಗಳಲ್ಲಿ ಒಂದೊಂದು ಫಿಲ್ಟರ್ ಕಟ್ಟುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬರದು ಅಂದುಕೊಂಡಂತೆ ಕೆಲಸ ಮಾಡುತ್ತದೆ. ಇನ್ನೊಬ್ಬರದಕ್ಕೆ ಇನ್‌ಪುಟ್ಟೇ ಕೊಟ್ಟಿಲ್ಲ, ಆದರೂ ಪವರ್ ಹಾಕಿದ ಕೂಡಲೇ ಸುಮಾರು 1600 ಹರ್ಟ್ಸ್‌ನಲ್ಲಿ ಶಿಳ್ಳೆ ಹೊಡೆಯಲು ಶುರುಮಾಡುತ್ತದೆ. ಬೆಸುಗೆ ಸರಿಯಾಗಿದೆ, ಐಸಿ ಸುಟ್ಟಿಲ್ಲ, ತಂತಿಗಳು ಅದಲುಬದಲಾಗಿಲ್ಲ. ಹೀಗೇಕಾಯಿತು ಎಂಬುದಕ್ಕೆ ಉತ್ತರ ಇರುವುದು ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲರೂ ಕಲಿತ ವರ್ಗ ಸಮೀಕರಣದಲ್ಲಿ.

ಆ ಫಿಲ್ಟರಿನ ಹೆಸರು ಸ್ಯಾಲೆನ್-ಕೀ. ಅಮೆರಿಕದ ಎಂಐಟಿಯ ಲಿಂಕನ್ ಪ್ರಯೋಗಾಲಯದಲ್ಲಿದ್ದ ಸ್ಯಾಲೆನ್ ಮತ್ತು ಕೀ ಇದನ್ನು 1955ರಲ್ಲಿ ಪ್ರಕಟಿಸಿದರು. ಕಡಿಮೆ ಕಂಪನಾಂಕದ ಸಂಕೇತಗಳನ್ನು ಒಳಬಿಟ್ಟು ಹೆಚ್ಚಿನವನ್ನು ತಡೆಯುವ ಇದರ ಲೋ-ಪಾಸ್ ರೂಪದಲ್ಲಿ ಇರುವುದು ಎರಡು ರೆಸಿಸ್ಟರ್, ಎರಡು ಕೆಪಾಸಿಟರ್, ಒಂದು ಆಪ್‌ಆಂಪ್, ಮತ್ತು ಆ ಆಪ್‌ಆಂಪ್ ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂದು ನಿಗದಿ ಮಾಡುವ ಇನ್ನೆರಡು ರೆಸಿಸ್ಟರ್. ಈ ಹಿಗ್ಗುವಿಕೆಯನ್ನು K ಎನ್ನೋಣ. ಫಿಲ್ಟರಿನ ಎರಡೂ ರೆಸಿಸ್ಟರುಗಳು 10 ಕಿಲೋಓಮ್, ಎರಡೂ ಕೆಪಾಸಿಟರುಗಳು 10 ನ್ಯಾನೋಫ್ಯಾರಡ್ ಆಗಿದ್ದರೆ ಮಂಡಲದ ಟ್ರಾನ್ಸ್‌ಫರ್ ಫಂಕ್ಷನ್ ಹೀಗೆ ಬರುತ್ತದೆ:

```
H(s) = K × 10⁸ / ( s² + (3 − K) × 10⁴ s + 10⁸ )
```

ಟ್ರಾನ್ಸ್‌ಫರ್ ಫಂಕ್ಷನ್ ಎಂದರೆ ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ಇರುವ ಅನುಪಾತ, ಲ್ಯಾಪ್ಲಾಸ್ ಪರಿವರ್ತನೆಯ ಭಾಷೆಯಲ್ಲಿ ಬರೆದದ್ದು. s ಒಂದು ಸಂಕೀರ್ಣ ಸಂಖ್ಯೆ. ಛೇದವನ್ನು ಸೊನ್ನೆ ಮಾಡುವ s ಬೆಲೆಗಳೇ ಪೋಲ್‌ಗಳು. ನಮ್ಮ ಛೇದ ವರ್ಗ ಸಮೀಕರಣವಾದ್ದರಿಂದ ಪೋಲ್‌ಗಳು ಎರಡು, ಅವುಗಳನ್ನು ಹುಡುಕಲು ಶಾಲೆಯ ಸೂತ್ರವೇ ಸಾಕು.

ಪೋಲ್‌ಗಳನ್ನು ಯಾಕೆ ಹುಡುಕಬೇಕು? ದೇವಸ್ಥಾನದ ಗಂಟೆಗೆ ಒಂದೇ ಒಂದು ಪೆಟ್ಟು ಕೊಟ್ಟು ಕೈ ತೆಗೆದರೆ ಆಮೇಲೆ ಕೇಳುವುದು ಪೂರಾ ಗಂಟೆಯ ಸ್ವಂತ ನಾದ. ಪೆಟ್ಟು ಕೊಟ್ಟವರದ್ದು ಅದರಲ್ಲಿ ಏನೂ ಉಳಿದಿರುವುದಿಲ್ಲ. ವಿದ್ಯುನ್ಮಂಡಲಕ್ಕೆ ಕ್ಷಣಮಾತ್ರದ ವೋಲ್ಟೇಜ್ ಕೊಟ್ಟು ಬಿಟ್ಟಾಗ ಹೊರಬರುವ ಅಲೆಯೂ ಹಾಗೇ. ಅದನ್ನೇ ಇಂಪಲ್ಸ್ ರೆಸ್ಪಾನ್ಸ್ ಎನ್ನುತ್ತಾರೆ. ಈ ಅಲೆಯನ್ನು ಅಳೆಯುವ ಮೊದಲೇ ಕಾಗದದ ಮೇಲೆ ಬರೆದುಬಿಡಬಹುದು. H(s) ಅನ್ನು ಬಿಡಿಬಿಡಿ ಭಿನ್ನರಾಶಿಗಳಾಗಿ ಒಡೆದರೆ ಪ್ರತಿಯೊಂದು ಪೋಲ್‌ಗೂ ಒಂದೊಂದು ತುಂಡು ಸಿಗುತ್ತದೆ. p ಎಂಬಲ್ಲಿರುವ ಪೋಲ್ ಕಾಲದಲ್ಲಿ e^(pt) ಎಂಬ ಅಲೆಯಾಗುತ್ತದೆ. ಪೋಲ್‌ನ ನೈಜ ಭಾಗ ಅಲೆ ಎಷ್ಟು ಬೇಗ ಅಡಗುತ್ತದೆ ಅಥವಾ ಬೆಳೆಯುತ್ತದೆ ಎಂಬುದನ್ನು ತಿಳಿಸುತ್ತದೆ, ಕಾಲ್ಪನಿಕ ಭಾಗ ಅದು ಎಷ್ಟು ಬಿರುಸಾಗಿ ಮೇಲೆ ಕೆಳಗೆ ಓಲಾಡುತ್ತದೆ ಎಂಬುದನ್ನು. ಸಂಕೀರ್ಣ ಪೋಲ್‌ಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ. ಆ ಜೋಡಿಯ ಎರಡು ತುಂಡುಗಳನ್ನು ಕೂಡಿಸಿದಾಗ ಕಾಲ್ಪನಿಕ ಭಾಗ ಅಳಿದು ಸೈನ್ ಅಲೆ ಉಳಿಯುತ್ತದೆ.

ಈಗ K ಅನ್ನು ಒಂದೊಂದೇ ಹೆಜ್ಜೆ ಏರಿಸುತ್ತಾ ಹೋಗೋಣ. K = 1 ಇದ್ದಾಗ ಎರಡೂ ಪೋಲ್‌ಗಳು −10,000ದಲ್ಲೇ ಒಂದರ ಮೇಲೊಂದು ಕೂರುತ್ತವೆ. ಅಲೆ ಒಮ್ಮೆ ಏರಿ, 0.1 ಮಿಲಿಸೆಕೆಂಡಿಗೆ ಶಿಖರ ಮುಟ್ಟಿ, ಓಲಾಡದೆ ಇಳಿದುಹೋಗುತ್ತದೆ. K = 2 ಮಾಡಿದರೆ ಪೋಲ್‌ಗಳು −5000 ± j8660ಕ್ಕೆ ಸರಿಯುತ್ತವೆ. ಈಗ ಅಲೆ ಸೊನ್ನೆಯ ಗೆರೆ ದಾಟಿ ತುಸು ಕೆಳಗಿಳಿದು ನಿಲ್ಲುತ್ತದೆ. ಇಷ್ಟರಲ್ಲಿ ಒಂದು ಮಿಲಿಸೆಕೆಂಡೂ ಕಳೆದಿರುವುದಿಲ್ಲ. K = 2.9 ಎಂದರೆ ಪೋಲ್‌ಗಳು −500 ± j9987. ಓಲಾಟದ ವೇಗ ಹೆಚ್ಚೇನೂ ಬದಲಾಗಿಲ್ಲ. ಆದರೆ ಅಡಗುವ ವೇಗ ಹತ್ತರಲ್ಲೊಂದು ಪಾಲಾಗಿದೆ. ಅಲೆ ಸುಮಾರು 8 ಮಿಲಿಸೆಕೆಂಡು, ಅಂದರೆ ಹದಿಮೂರು ಸುತ್ತಿನಷ್ಟು ಕಾಲ, ಗುಂಯ್‌ಗುಡುತ್ತಲೇ ಇರುತ್ತದೆ.

ಇದನ್ನು ಆಸಿಲೋಸ್ಕೋಪಿನಲ್ಲಿ ಕಣ್ಣಾರೆ ನೋಡಬಹುದು. ನಿಜವಾದ ಇಂಪಲ್ಸ್ ಯಾರ ಕೈಯಲ್ಲೂ ಆಗದು, ಏಕೆಂದರೆ ಅದರ ಅವಧಿ ಸೊನ್ನೆ. ಆದರೆ ಮಂಡಲದ ಒಂದು ಓಲಾಟಕ್ಕೆ 0.63 ಮಿಲಿಸೆಕೆಂಡು ಬೇಕಾದಾಗ, 5 ಮೈಕ್ರೋಸೆಕೆಂಡಿನ ಒಂದು ವೋಲ್ಟ್ ಪಲ್ಸ್ ಅದರ ಮಟ್ಟಿಗೆ ಇಂಪಲ್ಸೇ ಸರಿ. K = 2.9 ಇರುವ ಫಿಲ್ಟರಿಗೆ ಇದನ್ನು ಕೊಟ್ಟರೆ ತೆರೆಯ ಮೇಲೆ ಮೊದಲ ಶಿಖರ ಸುಮಾರು 134 ಮಿಲಿವೋಲ್ಟ್, ಮುಂದಿನವು 98, 72, 52. ಪ್ರತಿ ಶಿಖರವೂ ಹಿಂದಿನದರ 73 ಪ್ರತಿಶತ. ಈ ಒಂದು ಅನುಪಾತದಿಂದ ಹಿಂದಕ್ಕೆ ಲೆಕ್ಕ ಹಾಕಿಯೂ ಪೋಲ್ ಹಿಡಿಯಬಹುದು: 0.73ರ ಸ್ವಾಭಾವಿಕ ಲಾಗರಿದಮ್ −0.315, ಅದನ್ನು ಶಿಖರದಿಂದ ಶಿಖರಕ್ಕಿರುವ 0.00063 ಸೆಕೆಂಡಿನಿಂದ ಭಾಗಿಸಿದರೆ −500. ಅದೇ ನೈಜ ಭಾಗ. ಸಮೀಕರಣದಿಂದ ಬಂದ ಸಂಖ್ಯೆಯೇ ತೆರೆಯ ಮೇಲಿನ ಅಲೆಯಿಂದಲೂ ಸಿಗುವುದು ನನಗೆ ಈ ವಿಷಯದಲ್ಲಿ ಅತ್ಯಂತ ಪ್ರಿಯವಾದ ಸಂಗತಿ.

K = 3 ಮುಟ್ಟಿದಾಗ ಛೇದದ ನಡುವಿನ ಪದವೇ ಮಾಯವಾಗುತ್ತದೆ. ಪೋಲ್‌ಗಳು ±j10,000ದಲ್ಲಿ, ನೇರ ಕಾಲ್ಪನಿಕ ಅಕ್ಷದ ಮೇಲೆ. ಒಮ್ಮೆ ಪೆಟ್ಟು ಬಿದ್ದರೆ ಅಲೆ ಅಡಗುವುದೂ ಇಲ್ಲ, ಬೆಳೆಯುವುದೂ ಇಲ್ಲ, 1592 ಹರ್ಟ್ಸ್‌ನಲ್ಲಿ ಓಲಾಡುತ್ತಲೇ ಇರುತ್ತದೆ. ಅಲೆ ಮಿತಿಯೊಳಗೇ ಇದೆಯಲ್ಲ, ಇದನ್ನು ಸ್ಥಿರವೆನ್ನಬಾರದೇ ಎಂದು ಕೇಳಬಹುದು. ಆದರೆ ಎಂಜಿನಿಯರುಗಳ ಪರೀಕ್ಷೆ ಬೇರೆ: ಮಿತಿಯೊಳಗಿನ ಯಾವ ಇನ್‌ಪುಟ್ ಕೊಟ್ಟರೂ ಔಟ್‌ಪುಟ್ ಮಿತಿ ಮೀರಬಾರದು. ಈ ಮಂಡಲಕ್ಕೆ ಅದೇ 1592 ಹರ್ಟ್ಸ್‌ನ ಸಣ್ಣ ಅಲೆ ಕೊಡುತ್ತಾ ಹೋದರೆ ಔಟ್‌ಪುಟ್ ಬೆಳೆಯುತ್ತಲೇ ಹೋಗುತ್ತದೆ. ಹಾಗಾಗಿ ಅಕ್ಷದ ಮೇಲಿನ ಪೋಲ್ ಕೂಡ ಆ ಪರೀಕ್ಷೆಯಲ್ಲಿ ಅನುತ್ತೀರ್ಣ. ಎಲ್ಲ ಪೋಲ್‌ಗಳೂ ಅಕ್ಷದ ಎಡಕ್ಕೇ ಇದ್ದರೆ ಮಾತ್ರ ಮಂಡಲ ಸ್ಥಿರ.

K = 3.1 ಆದರೆ ಪೋಲ್‌ಗಳು +500 ± j9987. ಚಿಹ್ನೆಯೊಂದು ಬದಲಾಗಿದೆ, ಅಷ್ಟೆ. ಆದರೆ ಅಲೆ ಈಗ ಪ್ರತಿ 2 ಮಿಲಿಸೆಕೆಂಡಿಗೆ 2.7 ಪಟ್ಟು ಹಿಗ್ಗುತ್ತದೆ. ಇನ್‌ಪುಟ್ ಬೇಕಾಗಿಯೇ ಇಲ್ಲ. ಪವರ್ ಹಾಕಿದಾಗಿನ ಒಂದು ಮಿಲಿವೋಲ್ಟ್ ಅಲುಗಾಟ 18 ಮಿಲಿಸೆಕೆಂಡಿನಲ್ಲಿ 10 ವೋಲ್ಟ್ ಆಗುತ್ತದೆ. ಅಷ್ಟು ಹೊತ್ತಿಗೆ ಆಪ್‌ಆಂಪ್ ತನ್ನ ಸಪ್ಲೈ ವೋಲ್ಟೇಜಿನ ಗೋಡೆಗೆ ತಾಗಿ ಅಲೆಯ ತಲೆ ಚಪ್ಪಟೆಯಾಗುತ್ತದೆ. ಲೆಕ್ಕ ಹೇಳಿದಂತೆ ಅನಂತಕ್ಕೇನೂ ಹೋಗುವುದಿಲ್ಲ, ಯಾಕೆಂದರೆ ಗೋಡೆ ತಾಗಿದ ಮೇಲೆ ಮಂಡಲ ರೇಖೀಯವಾಗಿ ಉಳಿದಿರುವುದಿಲ್ಲ. ಓಲಾಟ ಹೇಗೆ ಹುಟ್ಟುತ್ತದೆ ಎಂಬುದನ್ನು ಪೋಲ್ ಹೇಳಬಲ್ಲದು, ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನಲ್ಲ.

ಇನ್ನು ಆ ಇಬ್ಬರು ವಿದ್ಯಾರ್ಥಿಗಳ ಕಡೆ ಬರೋಣ. ನಕ್ಷೆಯಲ್ಲಿದ್ದದ್ದು K = 2.9. ಅದಕ್ಕೆ ಗೇನ್ ನಿಗದಿ ಮಾಡುವ ಜಾಗದಲ್ಲಿ ಒಂದು 10 ಕಿಲೋಓಮ್, ಇನ್ನೊಂದು 19 ಕಿಲೋಓಮ್ ಬೇಕು; 18 ಮತ್ತು 1 ಕಿಲೋಓಮನ್ನು ಸರಣಿಯಲ್ಲಿ ಜೋಡಿಸಿದರಾಯಿತು. 1 + 19/10 = 2.9. ಆದರೆ ಚಿನ್ನದ ಬಣ್ಣದ ಪಟ್ಟಿಯಿರುವ ರೆಸಿಸ್ಟರುಗಳ ಬೆಲೆ 5 ಪ್ರತಿಶತದಷ್ಟು ಹೆಚ್ಚುಕಡಿಮೆ ಇರಬಹುದು. 10 ಕಿಲೋಓಮ್ ಎಂದುಕೊಂಡದ್ದು ನಿಜವಾಗಿ 9.5, 19 ಎಂದುಕೊಂಡದ್ದು 19.95 ಆಗಿದ್ದರೆ ಅನುಪಾತ 2.1, K ಆಗುವುದು 3.1. ಅಂಗಡಿಯವರು ಮೋಸ ಮಾಡಿಲ್ಲ, ಬಿಡಿಭಾಗಗಳು ತಮ್ಮ ಮಾತಿನೊಳಗೇ ಇವೆ. ಪೋಲ್ ಮಾತ್ರ ಗಡಿ ದಾಟಿದೆ.

ಮೊದಲೇ ಸಿಮ್ಯುಲೇಟರಿನಲ್ಲಿ ನೋಡಬಹುದಿತ್ತಲ್ಲ ಎನ್ನುವವರಿಗೆ ಒಂದು ಎಚ್ಚರಿಕೆ. ಹೆಚ್ಚಿನವರು ಅಲ್ಲಿ ಮೊದಲು ನೋಡುವುದು ಎಸಿ ಅನಾಲಿಸಿಸ್, ಅಂದರೆ ಯಾವ ಕಂಪನಾಂಕ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬ ಗ್ರಾಫ್. ಈ ಗ್ರಾಫಿನ ಎತ್ತರ ಹುಡುಕುವಾಗ (3 − K) ವರ್ಗವಾಗುತ್ತದೆ. 0.1ರ ವರ್ಗ 0.01, −0.1ರದ್ದೂ ಅದೇ. ಹೀಗಾಗಿ ಒಳ್ಳೆಯ ಫಿಲ್ಟರಿನ ಗ್ರಾಫೂ ಶಿಳ್ಳೆ ಹೊಡೆಯುವ ಫಿಲ್ಟರಿನ ಗ್ರಾಫೂ ಒಂದೇ ಆಕಾರದವು. ಒಂದರ ಶಿಖರ 29 ಪಟ್ಟು, ಇನ್ನೊಂದರದು 31, ಅಷ್ಟೇ ವ್ಯತ್ಯಾಸ. ಎತ್ತರದ ಗ್ರಾಫ್ ಒಂದನ್ನೇ ನೋಡಿ ಯಾವುದು ಸ್ಥಿರವೆಂದು ಯಾರೂ ಹೇಳಲಾರರು. ಫೇಸ್ ಗ್ರಾಫನ್ನೂ ಜೊತೆಗಿಟ್ಟು ನೋಡಿದರೆ ಸುಳಿವು ಸಿಗುತ್ತದೆ: ಸ್ಥಿರವಾದದ್ದರಲ್ಲಿ ಅದು ಸೊನ್ನೆಯಿಂದ −180 ಡಿಗ್ರಿಗೆ ಇಳಿಯುತ್ತದೆ, ಅಸ್ಥಿರವಾದದ್ದರಲ್ಲಿ +180ಕ್ಕೆ ಏರುತ್ತದೆ. ಆದರೆ ವರ್ಗ ಸಮೀಕರಣ ಬಿಡಿಸಿ ನೈಜ ಭಾಗದ ಚಿಹ್ನೆ ನೋಡುವುದು ಅದಕ್ಕಿಂತ ನೇರವಾದ ದಾರಿ.

ಪರಿಹಾರವೂ ಅಲ್ಲೇ ಇದೆ. ನಕ್ಷೆಯ ಪೋಲ್ ಎಲ್ಲಿದೆ ಎನ್ನುವುದರ ಜೊತೆಗೆ, ಬಿಡಿಭಾಗಗಳು ಅತ್ತಿತ್ತ ಆದಾಗ ಅದು ಎಲ್ಲಿಯವರೆಗೆ ಹೋಗಬಹುದು ಎಂದೂ ನೋಡಬೇಕು. K = 2 ಇಟ್ಟುಕೊಂಡರೆ ಅದೇ 5 ಪ್ರತಿಶತದ ರೆಸಿಸ್ಟರುಗಳು ಅತಿ ಕೆಟ್ಟ ರೀತಿಯಲ್ಲಿ ಸೇರಿದರೂ K 2.105 ದಾಟುವುದಿಲ್ಲ. ನೈಜ ಭಾಗ −5000ದಿಂದ ಸುಮಾರು −4475ಕ್ಕೆ ಬರುತ್ತದೆ, ಅಷ್ಟೆ. 2.9ರ ತೀಕ್ಷ್ಣ ಶಿಖರವೇ ಬೇಕೆಂದರೆ 1 ಪ್ರತಿಶತದ ರೆಸಿಸ್ಟರುಗಳನ್ನು ಹಾಕಬೇಕು. ಆಗ K ಹೆಚ್ಚೆಂದರೆ 2.94ರ ಆಸುಪಾಸಿಗೆ ಹೋಗುತ್ತದೆ. ಮಂಡಲ ಸ್ಥಿರವಾಗಿಯೇ ಉಳಿಯುತ್ತದೆ, ಗುಂಯ್‌ಗುಡುವ ಅವಧಿ ಮಾತ್ರ ಒಂದೂವರೆ ಪಟ್ಟಿಗೂ ಹೆಚ್ಚಾಗಬಹುದು. ಫಿಲ್ಟರಿನ ರೆಸಿಸ್ಟರ್, ಕೆಪಾಸಿಟರುಗಳೂ ಪರಸ್ಪರ ಸಮವಾಗಿಲ್ಲದಿದ್ದರೆ 3 ಎಂಬ ಗಡಿಯೇ ಸ್ವಲ್ಪ ಸರಿಯುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದೇ ಛೇದವನ್ನು, ಇದೇ 3 − K ಅನ್ನು, ಬೇಕೆಂದೇ ಗಡಿ ದಾಟಿಸಿದವರೂ ಇದ್ದಾರೆ. ವೀನ್ ಬ್ರಿಡ್ಜ್ ಆಸಿಲೇಟರಿನ ಸಮೀಕರಣ ಅಕ್ಷರಶಃ ಇದೇ. ಅಲ್ಲಿ ಓಲಾಟ ತಾನಾಗಿ ಶುರುವಾಗಬೇಕಾದರೆ ಪೋಲ್‌ಗಳು ಬಲಕ್ಕಿರಬೇಕು, ಆದರೆ ಶುದ್ಧ ಸೈನ್ ಅಲೆ ಬರಬೇಕಾದರೆ ಅಕ್ಷದ ಮೇಲೇ ನಿಲ್ಲಬೇಕು. ವಿಲಿಯಂ ಹ್ಯೂಲೆಟ್ ಇದನ್ನು ಒಂದು ಸಣ್ಣ ಬಲ್ಬಿನಿಂದ ಸಾಧಿಸಿದರು. ಅಲೆ ದೊಡ್ಡದಾದಂತೆ ಬಲ್ಬಿನ ತಂತು ಬಿಸಿಯಾಗುತ್ತದೆ, ಅದರ ರೋಧ ಏರಿ K ಇಳಿಯುತ್ತದೆ, ಬಲಕ್ಕಿದ್ದ ಪೋಲ್‌ಗಳು ಅಕ್ಷಕ್ಕೆ ಮರಳುತ್ತವೆ. ಅಲೆ ಚಿಕ್ಕದಾದರೆ ತಂತು ತಣಿದು ಅವು ಮತ್ತೆ ಬಲಕ್ಕೆ ಜರುಗುತ್ತವೆ. 1939ರಲ್ಲಿ ಆರಂಭವಾದ ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ಮೊದಲ ಉತ್ಪನ್ನ ಈ ಉಪಕರಣವೇ. ಅದರ ಮುಂದಿನ ಮಾದರಿಯ ಎಂಟನ್ನು ವಾಲ್ಟ್ ಡಿಸ್ನಿ ಸಂಸ್ಥೆ ‘ಫ್ಯಾಂಟೇಸಿಯಾ’ ಚಿತ್ರದ ಧ್ವನಿ ವ್ಯವಸ್ಥೆಗಾಗಿ ಕೊಂಡಿತು.