ಮಸುಕಿನಿಂದ ಮೊನಚು: ಅನ್‌ಶಾರ್ಪ್ ಮಾಸ್ಕಿಂಗ್ ಮತ್ತು ಹೈ-ಬೂಸ್ಟ್ ಫಿಲ್ಟರಿಂಗ್

ಚಿತ್ರದ ಅಂಚುಗಳನ್ನು ಚೂಪುಗೊಳಿಸಲು ಹೆಚ್ಚಾಗಿ ಬಳಸುವ ವಿಧಾನ ಅನ್‌ಶಾರ್ಪ್ ಮಾಸ್ಕಿಂಗ್. ಅದು ಆರಂಭವಾಗುವುದು ಚಿತ್ರವನ್ನು ಮಸುಕುಗೊಳಿಸುವುದರಿಂದಲೇ. ಮೂಲ ಚಿತ್ರದ ಒಂದು ಪ್ರತಿ ತೆಗೆದು, ಪ್ರತಿ ಪಿಕ್ಸೆಲ್‌ಗೂ ಅದರ ಅಕ್ಕಪಕ್ಕದವುಗಳ ಸರಾಸರಿ ಬೆಲೆ ಕೊಟ್ಟರೆ ಆ ಪ್ರತಿ ಮಸುಕಾಗುತ್ತದೆ. ಅದನ್ನು ಮೂಲದಿಂದ ಕಳೆದಾಗ ಸಮತಟ್ಟಾದ ಜಾಗಗಳಲ್ಲಿ ಏನೂ ಉಳಿಯುವುದಿಲ್ಲ. ಮಸುಕಿನಲ್ಲಿ ಕಳೆದುಹೋದದ್ದು, ಅಂದರೆ ಅಂಚುಗಳು ಮತ್ತು ಸೂಕ್ಷ್ಮ ವಿವರಗಳು ಮಾತ್ರ ಉಳಿಯುತ್ತವೆ. ಈ ಶೇಷದ ಹೆಸರೇ ಮಾಸ್ಕ್. ಅದನ್ನು ಒಂದು ಸಂಖ್ಯೆಯಿಂದ ಗುಣಿಸಿ ಮೂಲ ಚಿತ್ರಕ್ಕೆ ಕೂಡಿಸಿದರೆ ಕೆಲಸ ಮುಗಿಯಿತು. ಮೂಲವನ್ನು f, ಮಸುಕು ಪ್ರತಿಯನ್ನು b, ಫಲಿತಾಂಶವನ್ನು g ಎಂದರೆ ಸೂತ್ರ ಹೀಗಿದೆ:

g = f + k (f − b)

ಇಲ್ಲಿನ k ವರ್ಧಕ ಗುಣಾಂಕ. ಅದು 1 ಇದ್ದರೆ ಅನ್‌ಶಾರ್ಪ್ ಮಾಸ್ಕಿಂಗ್; 1ಕ್ಕಿಂತ ಹೆಚ್ಚಿದ್ದರೆ ಅದೇ ಕ್ರಿಯೆಗೆ ಹೈ-ಬೂಸ್ಟ್ ಫಿಲ್ಟರಿಂಗ್ ಎಂದು ಹೆಸರು. ಎರಡಕ್ಕೂ ಲೆಕ್ಕ ಒಂದೇ, ಮಾಸ್ಕಿನ ತೂಕ ಮಾತ್ರ ಬೇರೆ.

ಈ ಉಪಾಯ ಕಂಪ್ಯೂಟರಿಗಿಂತ ಹಳೆಯದು, ಫಿಲ್ಮ್ ಕಾಲದ ಕತ್ತಲಕೋಣೆಯದು. ನೆಗೆಟಿವ್‌ಗೂ ಇನ್ನೊಂದು ಫಿಲ್ಮಿಗೂ ನಡುವೆ ಗಾಜಿನ ದಪ್ಪದಷ್ಟು ಅಂತರ ಬಿಟ್ಟು ಬೆಳಕು ಹಾಯಿಸಿದರೆ ಮಸುಕಾದ, ತೆಳುವಾದ ಪಾಸಿಟಿವ್ ಸಿಗುತ್ತದೆ. ಅದನ್ನು ನೆಗೆಟಿವ್‌ನ ಮೇಲೆ ಸರಿಯಾಗಿ ಹೊಂದಿಸಿಟ್ಟಾಗ, ಎರಡೂ ವಿರುದ್ಧ ಸ್ವಭಾವದವಾದ್ದರಿಂದ ದೊಡ್ಡ ದೊಡ್ಡ ಪ್ರದೇಶಗಳ ಬೆಳಕು-ಕತ್ತಲೆಯ ವ್ಯತ್ಯಾಸ ಬಹುಪಾಲು ಇಲ್ಲವಾಗುತ್ತದೆ, ಸೂಕ್ಷ್ಮ ವಿವರ ಉಳಿಯುತ್ತದೆ. ಈ ಜೋಡಿಯನ್ನು ಹೆಚ್ಚು ಕಾಂಟ್ರಾಸ್ಟಿನ ಕಾಗದದ ಮೇಲೆ ಮುದ್ರಿಸಿದಾಗ ಆ ವಿವರ ಎದ್ದು ಕಾಣುತ್ತಿತ್ತು. 1970ರ ದಶಕದಿಂದ ಆಸ್ಟ್ರೇಲಿಯಾದ ಆಂಗ್ಲೋ-ಆಸ್ಟ್ರೇಲಿಯನ್ ವೀಕ್ಷಣಾಲಯದಲ್ಲಿ ಕೆಲಸ ಮಾಡಿದ ಡೇವಿಡ್ ಮ್ಯಾಲಿನ್, ಆಕಾಶಕಾಯಗಳ ಪ್ರಖರ ಭಾಗಗಳಲ್ಲಿ ಹುದುಗಿದ್ದ ರಚನೆಗಳನ್ನು ಹೊರತೆಗೆಯಲು ಇದೇ ದಾರಿ ಹಿಡಿದರು. ಮಸುಕು ಮಾಸ್ಕ್‌ನಿಂದ ಚೂಪು ಚಿತ್ರ ಪಡೆಯುವ ಈ ಪದ್ಧತಿಯ ಹೆಸರನ್ನೇ ಸಾಫ್ಟ್‌ವೇರ್‌ಗಳು ಉಳಿಸಿಕೊಂಡವು.

k ಏನು ಮಾಡುತ್ತದೆ ಎಂಬುದನ್ನು ನೋಡಲು ಇಡೀ ಚಿತ್ರ ಬೇಕಿಲ್ಲ, ಒಂದು ಅಂಚನ್ನು ಅಡ್ಡಲಾಗಿ ದಾಟುವ ಹತ್ತು ಪಿಕ್ಸೆಲ್‌ಗಳು ಸಾಕು. 0 ಎಂದರೆ ಕಪ್ಪು, 255 ಎಂದರೆ ಬಿಳುಪು. ಎಡಕ್ಕೆ ಗಾಢ ಬಣ್ಣದ ಗೋಡೆ, ಬಲಕ್ಕೆ ತಿಳಿ ಬಣ್ಣದ ಗೋಡೆ ಇದೆ. ಲೆನ್ಸಿನ ಮಸುಕಿನಿಂದಾಗಿ ನಡುವಿನ ಅಂಚು ಇಳಿಜಾರಾಗಿದೆ ಎಂದಿಟ್ಟುಕೊಳ್ಳೋಣ:

60 60 60 60 90 120 150 150 150 150

ಪ್ರತಿ ಪಿಕ್ಸೆಲ್‌ಗೂ ಅದರ ಮತ್ತು ಎರಡು ನೆರೆಯವುಗಳ ಸರಾಸರಿ ತೆಗೆದರೆ ಮಸುಕು ಪ್ರತಿ ಹೀಗಾಗುತ್ತದೆ:

60 60 60 70 90 120 140 150 150 150

ಮೂಲದಿಂದ ಇದನ್ನು ಕಳೆದರೆ ಮಾಸ್ಕ್:

0 0 0 −10 0 0 +10 0 0 0

ಇಳಿಜಾರಿನ ಮಧ್ಯದಲ್ಲಿರುವ 90 ಮತ್ತು 120ರ ಜಾಗದಲ್ಲಿ ಮಾಸ್ಕ್ ಸೊನ್ನೆ ಎಂಬುದನ್ನು ಗಮನಿಸಬೇಕು. ಸಮಪ್ರಮಾಣದಲ್ಲಿ ಏರುವ ಬೆಲೆಗಳ ಸರಾಸರಿ ನಡುವಿನ ಬೆಲೆಯೇ ಆಗಿರುತ್ತದೆ, ಹಾಗಾಗಿ ಅಲ್ಲಿ ವ್ಯತ್ಯಾಸ ಹುಟ್ಟುವುದಿಲ್ಲ. ಮಾಸ್ಕ್ ಸ್ಪಂದಿಸುವುದು ಏರಿಕೆಗಲ್ಲ, ಏರಿಕೆ ಬದಲಾಗುವ ತಿರುವುಗಳಿಗೆ: ಸಮತಟ್ಟು ಮುಗಿದು ಏರು ಶುರುವಾಗುವಲ್ಲಿ ಋಣ ಬೆಲೆ, ಏರು ಮುಗಿಯುವಲ್ಲಿ ಧನ ಬೆಲೆ.

ಈಗ k ಬದಲಿಸುತ್ತ ಹೋಗಬಹುದು. k = 1 ಇದ್ದಾಗ ಫಲಿತಾಂಶ:

60 60 60 50 90 120 160 150 150 150

k = 3 ಇದ್ದಾಗ:

60 60 60 30 90 120 180 150 150 150

ಇಳಿಜಾರಿನ ಬುಡದಿಂದ ತುದಿಗೆ ಇದ್ದ ವ್ಯತ್ಯಾಸ ಮೂಲದಲ್ಲಿ 90 ಇತ್ತು. k = 1ಕ್ಕೆ ಅದು 110, k = 3ಕ್ಕೆ 150 ಆಯಿತು. ಅಂಚಿನ ಅಗಲ ಒಂದು ಪಿಕ್ಸೆಲ್‌ನಷ್ಟೂ ಕಡಿಮೆಯಾಗಿಲ್ಲ. ಕತ್ತಲೆಯ ಬದಿ ಅಂಚಿನ ಬಳಿ ಇನ್ನಷ್ಟು ಕತ್ತಲಾಗಿದೆ, ಬೆಳಕಿನ ಬದಿ ಇನ್ನಷ್ಟು ಬೆಳಗಿದೆ, ಅಷ್ಟೇ. ಆದರೂ ಕಣ್ಣಿಗೆ ಅದು ಮೊನಚಾಗಿ ತೋರುತ್ತದೆ. ಅಕ್ಷಿಪಟಲದ ನರಕೋಶಗಳೂ ಅಂಚಿನ ಎರಡು ಬದಿಗಳ ಅಂತರವನ್ನು ಹೀಗೆಯೇ ಹಿಗ್ಗಿಸುತ್ತವೆ. ಇಳಿಜಾರಿನ ಎರಡು ತುದಿಗಳಲ್ಲಿ ವಾಸ್ತವದಲ್ಲಿ ಇಲ್ಲದ ಕಪ್ಪು-ಬಿಳಿ ಪಟ್ಟಿಗಳು ಕಾಣುವುದನ್ನು ಅರ್ನ್ಸ್ಟ್ ಮಾಖ್ 19ನೇ ಶತಮಾನದಲ್ಲೇ ವಿವರಿಸಿದ್ದರು. ಕಣ್ಣು ತಾನೇ ಮಾಡುವುದನ್ನು ಫಿಲ್ಟರ್ ಮುಂಚಿತವಾಗಿ ಮಾಡಿಕೊಡುತ್ತದೆ.

ಆದ್ದರಿಂದಲೇ k ಎಷ್ಟಿರಬೇಕೆಂಬುದು ಸೂಕ್ಷ್ಮದ ಮಾತು. ಬುಡದಲ್ಲಿ ತಗ್ಗು, ತುದಿಯಲ್ಲಿ ಉಬ್ಬು ಚಿಕ್ಕದಿದ್ದಷ್ಟು ಹೊತ್ತು ಕಣ್ಣು ಅವನ್ನು ಅಂಚಿನ ಭಾಗವಾಗಿಯೇ ಓದುತ್ತದೆ. ಅವು ಬೆಳೆದಂತೆ ವಸ್ತುವಿನ ಸುತ್ತ ಬಿಳಿ ಅಥವಾ ಕಪ್ಪು ಗೆರೆ ಎಳೆದಂತೆ ಕಾಣತೊಡಗುತ್ತವೆ, ಇದೇ ಹೇಲೊ. ಆಕಾಶಕ್ಕೆ ಎದುರಾಗಿ ನಿಂತ ಬೆಟ್ಟದ ಸಾಲಿನಲ್ಲಿ ಅತಿಯಾದ ಚೂಪು ಮೊದಲು ಕಣ್ಣಿಗೆ ಬೀಳುವುದು ಹೀಗೆ. ಮೇಲಿನ ಸಾಲಿನಲ್ಲಿ k = 6 ಆದಾಗ ಬುಡದ ಬೆಲೆ 0 ತಲುಪುತ್ತದೆ. k = 8 ಆದರೆ ಲೆಕ್ಕ −20 ಎನ್ನುತ್ತದೆ; ಅಂಥ ಬೆಲೆ ಚಿತ್ರದಲ್ಲಿ ಇರಲಾರದು, ಅದನ್ನು 0ಗೆ ಕತ್ತರಿಸಲಾಗುತ್ತದೆ. ಬಿಳಿಯ ಕಡೆ 255 ಮೀರಿದರೂ ಹಾಗೆಯೇ. ಹಾಗೆ ಕತ್ತರಿಸಿಹೋದ ಜಾಗದಲ್ಲಿದ್ದ ವಿವರ ಮತ್ತೆ ಸಿಗುವುದಿಲ್ಲ.

ಮಸುಕಿನ ಹರವು ಎರಡನೆಯ ಹಿಡಿ. ಮೂರರ ಬದಲು ಐದು ಪಿಕ್ಸೆಲ್‌ಗಳ ಸರಾಸರಿ ತೆಗೆದು k = 1 ಇಟ್ಟರೆ ಅದೇ ಅಂಚು ಹೀಗಾಗುತ್ತದೆ:

60 60 54 42 84 126 168 156 150 150

ಮೂಲದಲ್ಲಿ ಹೆಜ್ಜೆಗೆ 30ರಂತೆ ಏರುತ್ತಿದ್ದ ಇಳಿಜಾರು ಈಗ ಉದ್ದಕ್ಕೂ 42ರಂತೆ ಏರುತ್ತಿದೆ. ಮಸುಕಿನ ಕಿಟಕಿ ಅಂಚಿನ ಇಳಿಜಾರಿಗಿಂತ ಅಗಲವಾದಾಗ ನಡುಭಾಗಕ್ಕೂ ಕಡಿದು ಬರುತ್ತದೆ. ಆದರೆ ಹೇಲೊ ಕೂಡ ಪ್ರತಿ ಬದಿಯಲ್ಲಿ ಒಂದು ಪಿಕ್ಸೆಲ್‌ನಿಂದ ಎರಡಕ್ಕೆ ಹರಡಿದೆ. ಕಿಟಕಿ ಹಿಗ್ಗಿಸಿದಾಗ k ತಗ್ಗಿಸಬೇಕಾಗುವುದು ಈ ಕಾರಣಕ್ಕೆ. ಫೋಟೊಶಾಪ್ ಮತ್ತು ಗಿಂಪ್‌ನಲ್ಲಿ Radius ಎಂದು ಕಾಣುವುದು ಈ ಹರವನ್ನೇ, Amount ಎನ್ನುವುದು k ಅನ್ನು. ಅಲ್ಲಿ ನೆರೆಯವಕ್ಕೆಲ್ಲ ಸಮಾನ ತೂಕ ಕೊಡುವ ಸರಾಸರಿಯ ಬದಲು, ದೂರ ಹೋದಂತೆ ತೂಕ ಇಳಿಯುವ ಗಾಸಿಯನ್ ಮಸುಕು ಬಳಸುತ್ತಾರೆ, ತತ್ವ ಬದಲಾಗುವುದಿಲ್ಲ.

ಇನ್ನೊಂದು ತೊಡಕು ಸದ್ದಿಲ್ಲದೆ ಬರುತ್ತದೆ. ಮಂದ ಬೆಳಕಿನಲ್ಲಿ ತೆಗೆದ ಚಿತ್ರದ ಸಮತಟ್ಟು ಜಾಗಗಳಲ್ಲೂ ನಾಯ್ಸ್ ಇರುತ್ತದೆ, ಮತ್ತು ನಾಯ್ಸ್ ಯಾವುದು, ವಿವರ ಯಾವುದು ಎಂದು ಕಳೆಯುವ ಲೆಕ್ಕಕ್ಕೆ ಗೊತ್ತಾಗುವುದಿಲ್ಲ. 60ರ ಸಾಲಿನಲ್ಲಿ ಒಂದೇ ಒಂದು ಪಿಕ್ಸೆಲ್ 66 ಆಗಿದೆ ಎನ್ನೋಣ. ಮೂರರ ಸರಾಸರಿಯಲ್ಲಿ ಅಲ್ಲಿನ ಮಾಸ್ಕ್ +4, ಎರಡೂ ಪಕ್ಕದಲ್ಲಿ −2. k = 3 ಇಟ್ಟಾಗ ಆ ಮೂರು ಪಿಕ್ಸೆಲ್‌ಗಳು 54, 78, 54 ಆಗುತ್ತವೆ. 6ರಷ್ಟಿದ್ದ ಚುಕ್ಕೆ 18ಕ್ಕೆ ಏರಿ, ಸುತ್ತ ಕಪ್ಪು ಅಂಚನ್ನೂ ಕಟ್ಟಿಕೊಂಡಿತು. ಮುಖದ ಚರ್ಮ, ಆಕಾಶ ಇವೆಲ್ಲ ಚೂಪುಗೊಳಿಸಿದ ಮೇಲೆ ಮರಳು ಎರಚಿದಂತೆ ಕಾಣುವುದು ಇದರಿಂದ.

ಇದಕ್ಕೆ ಪರಿಹಾರ ಮೂರನೆಯ ಹಿಡಿಯಾದ Threshold. ಮಾಸ್ಕಿನ ಬೆಲೆ ಗೊತ್ತುಪಡಿಸಿದ ಮಟ್ಟಕ್ಕಿಂತ ಕಡಿಮೆ ಇರುವಲ್ಲಿ ಮೂಲವನ್ನು ಮುಟ್ಟದೆ ಬಿಡಲಾಗುತ್ತದೆ. ಇಲ್ಲಿ ಮಟ್ಟವನ್ನು 5ಕ್ಕೆ ಇಟ್ಟರೆ ಚುಕ್ಕೆಯ +4 ಮತ್ತು −2 ಕೈಬಿಟ್ಟು ಹೋಗುತ್ತವೆ, ಗೋಡೆಯ ಅಂಚಿನ −10 ಮತ್ತು +10 ಉಳಿಯುತ್ತವೆ. ಬಟ್ಟೆಯ ನೇಯ್ಗೆ, ಕೂದಲಿನ ಎಳೆಯಂಥ ಮೃದು ವಿವರಗಳ ಮಾಸ್ಕ್ ಬೆಲೆಯೂ ಹೆಚ್ಚಾಗಿ ಇದೇ ಮಟ್ಟದ ಆಸುಪಾಸಿನಲ್ಲಿರುತ್ತದೆ. ಆದ್ದರಿಂದ ಮಟ್ಟವನ್ನು ಸೊನ್ನೆಯಿಂದ ಒಂದೊಂದಾಗಿ ಏರಿಸುತ್ತ, ಚಿತ್ರವನ್ನು ಪೂರ್ಣ ಗಾತ್ರದಲ್ಲಿ ನೋಡುತ್ತ, ಆಕಾಶದ ಚುಕ್ಕೆಗಳು ಅಡಗಿದೊಡನೆ ನಿಲ್ಲಿಸುವುದು ಸರಿಯಾದ ಕ್ರಮ.